ಹೋಮ್‌ಸ್ಟೇಯ ಮೊದಲ ಐದು ಚಿತ್ರಗಳು

ವಾರಾಂತ್ಯಕ್ಕೆಂದು ಬೆಂಗಳೂರಿನ ಒಂದು ಕುಟುಂಬ ಸಕಲೇಶಪುರದ ಕಡೆ ತೋಟದ ಮನೆ ಹುಡುಕುತ್ತಿದೆ ಎಂದುಕೊಳ್ಳಿ. ಮೊಬೈಲಿನಲ್ಲಿ ಊರಿನ ಹೆಸರು ಹಾಕಿದ ಕೂಡಲೇ ಹತ್ತಾರು ಹೋಮ್‌ಸ್ಟೇಗಳು ಸಾಲಾಗಿ ಬರುತ್ತವೆ. ಒಂದೊಂದಕ್ಕೂ ಒಂದು ಚಿತ್ರ, ಅದರಡಿ ಹೆಸರು, ದರ, ಹಿಂದಿನ ಅತಿಥಿಗಳು ಕೊಟ್ಟ ಅಂಕ. ಸಾಲಿನ ತುಂಬ ಕಾಣುವುದು ಮಂಜು ಮುಸುಕಿದ ಬೆಟ್ಟ. ಬೆಟ್ಟದ ಮೇಲೆ ಬೆಟ್ಟ ದಾಟಿಸಿದ ಬೆರಳು, ಹೆಂಚಿನ ಮನೆಯೊಂದರ ಜಗಲಿ ಕಂಡಾಗ ನಿಲ್ಲುತ್ತದೆ. ಬೆಟ್ಟ ಆ ಸೀಮೆಯ ಎಲ್ಲರದೂ ಹೌದು, ಜಗಲಿ ಮಾತ್ರ ಆ ಒಂದು ಮನೆಯದು.

ಬಾಡಿಗೆಗೆ ಕೊಡುವ ಮನೆಯ ಚಿತ್ರಗಳನ್ನು ಆನ್‌ಲೈನಿನಲ್ಲಿ ಹಾಕುವಾಗ ಮಾಲೀಕರು ಹೆಚ್ಚಾಗಿ ಕೇಳಿಕೊಳ್ಳುವುದು, ಯಾವ ಚಿತ್ರ ಚೆನ್ನಾಗಿ ಬಂದಿದೆ ಎಂದು. ನೋಡುವವರ ತಲೆಯಲ್ಲಿ ಓಡುವ ಪ್ರಶ್ನೆಗಳೇ ಬೇರೆ. ಇದು ಎಂಥ ಮನೆ? ಎಲ್ಲಿ ಮಲಗುತ್ತೇವೆ? ಬಚ್ಚಲು ಹೇಗಿದೆ? ಕಾರು ಬಾಗಿಲವರೆಗೆ ಹೋಗುತ್ತದೆಯೇ? ಚಿತ್ರಗಳ ಆಯ್ಕೆಯೂ ಕ್ರಮವೂ ಈ ಪ್ರಶ್ನೆಗಳನ್ನು ಹಿಂಬಾಲಿಸಬೇಕು.

ಈ ವ್ಯಾಪಾರದಲ್ಲಿ ಚಿತ್ರದ ಮಾತು ಮೊದಲಿನಿಂದಲೂ ಇದೆ. 2009ರಲ್ಲಿ ಏರ್‌ಬಿಎನ್‌ಬಿ ಇನ್ನೂ ಮುಳುಗುವ ಸ್ಥಿತಿಯಲ್ಲಿದ್ದಾಗ, ನ್ಯೂಯಾರ್ಕಿನ ಮನೆಗಳ ಪುಟಗಳಲ್ಲಿ ಚಿತ್ರಗಳು ತೀರಾ ಕಳಪೆಯಾಗಿರುವುದು ಅದರ ಸ್ಥಾಪಕರ ಕಣ್ಣಿಗೆ ಬಿತ್ತು. ಬ್ರಯಾನ್ ಚೆಸ್ಕಿ, ಜೋ ಗೆಬಿಯಾ ಬಾಡಿಗೆಗೆ ಕ್ಯಾಮೆರಾ ತಂದು ಮನೆಮನೆಗೆ ಹೋಗಿ ತಾವೇ ಚಿತ್ರ ತೆಗೆದರು. ವಾರಕ್ಕೆ ಸುಮಾರು 200 ಡಾಲರ್ ಇದ್ದ ವರಮಾನ ಕೂಡಲೇ ಇಮ್ಮಡಿಯಾಯಿತು ಎಂದು ಗೆಬಿಯಾ ಮುಂದೆ ಹೇಳಿಕೊಂಡಿದ್ದಾರೆ. ಅಲ್ಲಿಂದ ಈಚೆಗೆ ಒಳ್ಳೆಯ ಕ್ಯಾಮೆರಾ ಎಲ್ಲರ ಫೋನಿನಲ್ಲೂ ಬಂದಿದೆ. ಈಗ ಚಿತ್ರಗಳಿಗೆ ಕೊರತೆಯಿಲ್ಲ, ಕಷ್ಟವಿರುವುದು ಅವುಗಳಲ್ಲಿ ಆರಿಸುವುದರಲ್ಲಿ.

ಒಂದು ಮನೆ, ಅರವತ್ತು ಚಿತ್ರ

ಹೆತ್ತೂರಿನ ಕಡೆಯ ಒಂದು ಕಾಫಿ ತೋಟದ ಮನೆಯನ್ನು ಊಹಿಸಿಕೊಳ್ಳೋಣ. ಹಳೆಯ ಹೆಂಚಿನ ಮನೆ, ಮುಂದೆ ಉದ್ದನೆಯ ಜಗಲಿ, ಅದರ ಮುಂದೆ ಕಾಫಿ ಒಣಗಿಸುವ ಕಣ. ಅತಿಥಿಗಳಿಗೆ ಎರಡು ಕೋಣೆ. ಒಂದಕ್ಕೆ ಬಚ್ಚಲು ಒಳಗೇ ಇದೆ. ಇನ್ನೊಂದಕ್ಕೆ ಹಿಂದಿನ ಪಡಸಾಲೆ ದಾಟಿ ಹೋಗಬೇಕು. ಡಾಂಬರು ರಸ್ತೆ ಬಿಟ್ಟ ಮೇಲೆ ಕೊನೆಯ ಎಂಟುನೂರು ಮೀಟರ್ ಮಣ್ಣಿನ ದಾರಿ, ನಡುವೆ ಒಂದು ಕಡಿದಾದ ಏರು. ಮಾಲೀಕರ ಫೋನಿನಲ್ಲಿ ಅರವತ್ತು ಚಿತ್ರಗಳಿವೆ. ಅವುಗಳಲ್ಲಿ ಹೂವು, ಮಂಜು, ಸೂರ್ಯಾಸ್ತಗಳೇ ನಲವತ್ತು. ಬಚ್ಚಲಿನದು ಒಂದೂ ಇಲ್ಲ.

ಮುಖಪುಟದ ಚಿತ್ರವನ್ನು, ಅಂದರೆ ಹುಡುಕುವ ಸಾಲಿನಲ್ಲಿ ಕಾಣುವ ಒಂದೇ ಒಂದು ಚಿತ್ರವನ್ನು, ಮೊದಲು ಆರಿಸೋಣ. ಮಾಲೀಕರಿಗೆ ಮೆಚ್ಚಿಗೆಯಾಗಿರುವುದು ಕಾಫಿ ಹೂ ಬಿಟ್ಟ ದಿನ ತೆಗೆದದ್ದು. ತೋಟವೆಲ್ಲ ಬೆಳ್ಳಗಿದೆ, ಚಿತ್ರ ನಿಜಕ್ಕೂ ಸುಂದರ. ಆದರೆ ಹೂಮಳೆ ಬಿದ್ದು ಅರಳಿದ ಆ ಹೂವು ಉಳಿಯುವುದು ಕೆಲವೇ ದಿನ. ಅದನ್ನು ನೋಡಿ ಆಗಸ್ಟಿನಲ್ಲಿ ಬರುವವರಿಗೆ ಸಿಗುವುದು ಧಾರಾಕಾರ ಮಳೆ, ಕಾಲಿಗೆ ಹತ್ತುವ ಇಂಬಳ. ಹೀಗಾಗಿ ವರ್ಷದ ಬಹುಪಾಲು ದಿನ ನಿಜವಾಗಿರುವ ಚಿತ್ರವೇ ಇಲ್ಲಿಗೆ ಸರಿ. ಅಂಗಳದಿಂದ ಕಾಣುವಂತೆ ಮನೆಯ ಮುಖ, ಜಗಲಿಯ ಮೇಲೆ ಎರಡು ಕುರ್ಚಿ, ಬಲಗಡೆ ಕಣದ ಅಂಚಿಗೇ ಬಂದು ನಿಂತ ಕಾಫಿ ಗಿಡ. ಮನೆಯೂ ತೋಟವೂ ಒಂದೇ ನೋಟದಲ್ಲಿ ಸಿಗುತ್ತವೆ.

ಈ ಚಿತ್ರ ಅಡ್ಡ ಹಿಡಿದು ತೆಗೆದದ್ದಾಗಿರಬೇಕು. ಹುಡುಕುವ ಸಾಲಿನಲ್ಲಿ ಚಿತ್ರಕ್ಕಿರುವ ಜಾಗ ಬಹುತೇಕ ಚೌಕ. ಪುಟದೊಳಗೆ ಅದು ಅಗಲವಾದ ಚೌಕಟ್ಟಿನಲ್ಲಿ ಕಾಣಬಹುದು. ಫೋನನ್ನು ನೆಟ್ಟಗೆ ಹಿಡಿದು ತೆಗೆದಿದ್ದರೆ ಮೇಲೆ ಮಾಡೂ ಕೆಳಗೆ ಅಂಗಳವೂ ಕತ್ತರಿಸಿಹೋಗಿ ನಡುವಿನ ಗೋಡೆಯಷ್ಟೇ ಉಳಿಯುತ್ತದೆ. ಅಡ್ಡ ಚಿತ್ರದಲ್ಲೂ ಎರಡು ಬದಿ ಕೊಂಚ ಹೋಗುತ್ತವೆ, ಮುಖ್ಯವಾದದ್ದು ನಡುವಿಗೆ ಇರಲಿ. ಪರೀಕ್ಷೆ ಸುಲಭ: ಚಿತ್ರವನ್ನು ಫೋನಿನ ಗ್ಯಾಲರಿಯಲ್ಲಿ ಚಿಕ್ಕ ಚೌಕವಾಗಿ ಕಾಣುವಂತೆ ಇಟ್ಟು, ಮನೆಯನ್ನು ನೋಡಿರದ ಒಬ್ಬರಿಗೆ ತೋರಿಸಿ, ಏನು ಕಾಣುತ್ತಿದೆ ಎಂದು ಕೇಳಿ. ‘ತೋಟದ ಮನೆ’ ಎಂಬ ಉತ್ತರ ತಡವಿಲ್ಲದೆ ಬಂದರೆ ಚಿತ್ರ ಗೆದ್ದಿತು. ‘ಮರ’ ಎಂದರೆ ಬೇರೆಯದನ್ನು ಹುಡುಕಬೇಕು.

ಐದರಲ್ಲಿ ಇಡೀ ಮನೆ

ಏರ್‌ಬಿಎನ್‌ಬಿಯ ಪುಟವನ್ನು ಕಂಪ್ಯೂಟರಿನಲ್ಲಿ ತೆರೆದರೆ ಎಡಗಡೆ ಒಂದು ದೊಡ್ಡ ಚಿತ್ರ, ಬಲಗಡೆ ನಾಲ್ಕು ಚಿಕ್ಕವು ಕಾಣುತ್ತವೆ. ಉಳಿದವನ್ನು ನೋಡಲು ಮತ್ತೊಮ್ಮೆ ಒತ್ತಬೇಕು. ಮೊಬೈಲಿನಲ್ಲಿ ಒಂದೊಂದಾಗಿ ಸರಿಸುತ್ತ ಹೋಗಬೇಕು. ಎರಡರಲ್ಲೂ ಮೊದಲ ಐದು ಚಿತ್ರಗಳಷ್ಟನ್ನೇ ನೋಡಿ ತೀರ್ಮಾನಕ್ಕೆ ಬರುವವರು ಇರುತ್ತಾರೆ ಎಂದುಕೊಂಡೇ ಜೋಡಿಸುವುದು ಕ್ಷೇಮ. ಆ ಐದರಲ್ಲಿ ಒಂದೇ ವಿಷಯ ಎರಡು ಸಲ ಬಂದರೆ ಒಂದು ಜಾಗ ವ್ಯರ್ಥವಾದಂತೆ.

ನಮ್ಮ ಹೆತ್ತೂರಿನ ಮನೆಗೆ ನಾನು ಕೊಡುವ ಕ್ರಮ ಹೀಗಿದೆ. ಮೊದಲನೆಯದು ಮನೆಯ ಮುಖ. ಎರಡನೆಯದು ದೊಡ್ಡ ಕೋಣೆ, ಮಂಚವೂ ಕಿಟಕಿಯೂ ಒಟ್ಟಿಗೆ ಕಾಣುವಂತೆ. ಮೂರನೆಯದು ಜಗಲಿಯಿಂದ ಹೊರಗೆ ಕಾಣುವ ನೋಟ. ಇದನ್ನು ಕುರ್ಚಿಯಲ್ಲಿ ಕೂತೇ ತೆಗೆಯಬೇಕು, ಅತಿಥಿ ನೋಡುವುದು ಅಲ್ಲಿಂದಲೇ. ನಾಲ್ಕನೆಯದು ಊಟದ ಮೇಜು, ಅದರ ಮೇಲೆ ಈ ಮನೆಯಲ್ಲಿ ದಿನವೂ ಮಾಡುವ ಅಕ್ಕಿರೊಟ್ಟಿ, ಕಡುಬು. ಹಬ್ಬಕ್ಕೆ ಮಾತ್ರ ಮಾಡುವ ಅಡುಗೆಯನ್ನು ಜೋಡಿಸಿಟ್ಟು ತೆಗೆಯುವುದು ಬೇಡ. ಐದನೆಯದು ಕೋಣೆಗೆ ಸೇರಿದ ಬಚ್ಚಲು.

ಬಚ್ಚಲು ಐದರೊಳಗೇ ಏಕೆ ಎಂದು ಮಾಲೀಕರು ಹಿಂಜರಿಯುತ್ತಾರೆ. ವಯಸ್ಸಾದ ತಂದೆತಾಯಿಯನ್ನು ಕರೆದುಕೊಂಡು ಬರುವವರು ನೋಡುವುದು ಅಲ್ಲಿ ಕಮೋಡ್ ಇದೆಯೇ, ನೆಲ ಜಾರುವಂತಿದೆಯೇ, ಬಿಸಿನೀರಿಗೆ ಗೀಸರ್ ಇದೆಯೇ ಎಂದು. ಒರೆಸಿ ಒಣಗಿಸಿದ ನೆಲ, ಮುಚ್ಚಿದ ಕಮೋಡ್, ಗೋಡೆಯ ಮೇಲಿನ ಗೀಸರ್ ಒಟ್ಟಿಗೆ ಕಾಣುವ ಒಂದು ಚಿತ್ರ ಈ ಮೂರಕ್ಕೂ ಉತ್ತರ. ಬಚ್ಚಲಿನ ಚಿತ್ರವೇ ಇಲ್ಲದ ಪುಟವನ್ನು ನೋಡಿದವರು ಅದು ಚೆನ್ನಾಗಿಲ್ಲ ಎಂದೇ ತಿಳಿಯುತ್ತಾರೆ.

ಆಮೇಲೆ, ಕಾಲು ನಡೆದಂತೆ

ಆರನೆಯದರಿಂದ ಮುಂದೆ ಕ್ರಮ ಬದಲಾಗುತ್ತದೆ. ಇಲ್ಲಿಯವರೆಗೆ ಬಂದವರಿಗೆ ಮನೆಯ ಮೇಲೆ ಮನಸ್ಸಾಗಿದೆ, ಈಗ ಅವರು ಅದರೊಳಗೆ ಓಡಾಡಬೇಕು. ಗೇಟು, ಕಣ, ಜಗಲಿ, ಹಾಲು, ಮೊದಲ ಕೋಣೆ, ಅದರ ಬಚ್ಚಲು, ಎರಡನೆಯ ಕೋಣೆ, ಊಟದ ಜಾಗ, ಹಿತ್ತಿಲು, ಹೀಗೆ ಬಂದವರು ನಡೆಯುವ ದಾರಿಯಲ್ಲೇ ಚಿತ್ರಗಳೂ ಸಾಗಲಿ. ಮಲಗುವ ಕೋಣೆಯಿಂದ ತೋಟಕ್ಕೆ, ತೋಟದಿಂದ ಬಚ್ಚಲಿಗೆ, ಮತ್ತೆ ಇನ್ನೊಂದು ಮಂಚಕ್ಕೆ ಹಾರಿದರೆ ಮನೆಯಲ್ಲಿ ಎಷ್ಟು ಕೋಣೆ ಎಂಬ ಲೆಕ್ಕವೇ ತಪ್ಪುತ್ತದೆ. ಒಂದೇ ಕೋಣೆಯ ಎರಡು ಚಿತ್ರ ದೂರದೂರ ಬಂದಾಗ ಅವು ಎರಡು ಕೋಣೆಗಳೆಂದು ತೋರುವುದೂ ಉಂಟು.

ಒಂದು ಕೋಣೆಗೆ ಎರಡು ಮೂರು ಚಿತ್ರ ಸಾಕು. ಬಾಗಿಲಲ್ಲಿ ನಿಂತು ಒಂದು, ಎದುರಿನ ಮೂಲೆಯಿಂದ ಒಂದು, ಬೇಕಿದ್ದರೆ ಮೇಜು ಅಥವಾ ಕಿಟಕಿಯ ಹತ್ತಿರದ್ದೊಂದು. ಫೋನು ಎದೆಯ ಮಟ್ಟದಲ್ಲಿ, ಓಲದೆ ಇರಲಿ. ಓಲಿದರೆ ಗೋಡೆಗಳು ವಾಲಿದಂತೆ ಬರುತ್ತವೆ. ಹಗಲಿನ ಬೆಳಕಿನಲ್ಲೇ ತೆಗೆಯಬೇಕು. ಕಿಟಕಿಯ ಬೆಳಕು, ಹಳದಿ ಬಲ್ಬು ಎರಡೂ ಬೆರೆತರೆ ಬಿಳಿ ಹಾಸಿಗೆ ಒಂದು ಕಡೆ ನೀಲಿ, ಇನ್ನೊಂದು ಕಡೆ ಹಳದಿಯಾಗಿ ಮಾಸಿದಂತೆ ಕಾಣುತ್ತದೆ.

ಫೋನಿನಲ್ಲಿ 0.5 ಎಂದು ತೋರಿಸುವ ಅತಿ ಅಗಲದ ಲೆನ್ಸಿನ ಬಗ್ಗೆ ಎಚ್ಚರ ಬೇಕು. ಅದು ಹತ್ತಡಿಯ ಕೋಣೆಯನ್ನು ಹಜಾರದಂತೆ ತೋರಿಸುತ್ತದೆ. ಗುರುತಿಸುವುದು ಹೇಗೆಂದರೆ, ಚಿತ್ರದ ಅಂಚಿನಲ್ಲಿರುವ ದಿಂಬು ಉದ್ದಕ್ಕೆ ಎಳೆದಂತಿರುತ್ತದೆ, ದುಂಡನೆಯ ಬಕೆಟ್ ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಅಂಥ ಚಿತ್ರವನ್ನು ತೆಗೆದುಹಾಕಿ, ಸಾಮಾನ್ಯ ಲೆನ್ಸಿನಲ್ಲಿ ಬಾಗಿಲಾಚೆ ಒಂದು ಹೆಜ್ಜೆ ಹಿಂದೆ ನಿಂತು ಮತ್ತೆ ತೆಗೆಯುವುದೇ ಸರಿ.

ಕೊರತೆಗೂ ಒಂದು ಜಾಗ

ಈಗ ಆ ಮಣ್ಣಿನ ದಾರಿ, ಆ ಹೊರಗಿನ ಬಚ್ಚಲು. ಇವನ್ನು ತೋರಿಸಬೇಕೇ? ತೋರಿಸಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಏರನ್ನು ಕೆಳಗಿನಿಂದ ನೋಡುವಂತೆ ಒಂದು ಚಿತ್ರವನ್ನು ಆರನೆಯದಾಗಿ, ನಡಿಗೆ ಶುರುವಾಗುವಲ್ಲೇ ಇಡಬಹುದು. ಅದರಡಿ ಒಂದು ಸಾಲು: ‘ಕೊನೆಯ 800 ಮೀಟರ್ ಮಣ್ಣಿನ ರಸ್ತೆ. ಮಳೆಗಾಲದಲ್ಲಿ ಚಿಕ್ಕ ಕಾರುಗಳನ್ನು ಕೆಳಗೆ ನಿಲ್ಲಿಸಬೇಕು, ನಮ್ಮ ಜೀಪಿನಲ್ಲಿ ಕರೆತರುತ್ತೇವೆ.’ ಎರಡನೆಯ ಕೋಣೆಯ ಚಿತ್ರಗಳ ಬೆನ್ನಿಗೇ ಪಡಸಾಲೆಯದು, ಆಮೇಲೆ ಆ ಬಚ್ಚಲಿನದು. ಎಷ್ಟು ಹೆಜ್ಜೆ, ಮೇಲೆ ಮಾಡು ಇದೆಯೇ, ರಾತ್ರಿ ದೀಪವಿದೆಯೇ ಎಂಬುದು ಚಿತ್ರದಲ್ಲೇ ತಿಳಿಯುತ್ತದೆ.

ಒಳ್ಳೆಯ ಚಿತ್ರ ಬುಕಿಂಗ್ ತರುತ್ತದೆ ಎಂಬುದಕ್ಕೆ ಸಂಶೋಧನೆಯ ಆಧಾರವಿದೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು ಏರ್‌ಬಿಎನ್‌ಬಿಯ ಮನೆಗಳನ್ನು ಅಧ್ಯಯನ ಮಾಡಿ, ನುರಿತವರು ತೆಗೆದ ಚಿತ್ರಗಳಿರುವ ಮನೆಗಳು ಸುಮಾರು ಶೇ. 9ರಷ್ಟು ಹೆಚ್ಚು ತುಂಬುತ್ತವೆ ಎಂದು ಕಂಡುಕೊಂಡರು. ಅದೇ ಸಂಶೋಧಕರಲ್ಲಿ ಕೆಲವರ ಇನ್ನೊಂದು ಅಧ್ಯಯನ ಮತ್ತೊಂದು ಮುಖವನ್ನು ತೋರಿಸಿತು. ಚಿತ್ರ ಮನೆಗಿಂತ ಚೆಂದವಿದ್ದರೆ ಬಂದವರ ನಿರೀಕ್ಷೆ ಏರಿರುತ್ತದೆ, ಅದು ಈಡೇರದಾಗ ಮುಂದಿನ ಬೇಡಿಕೆಯೇ ಕುಗ್ಗುತ್ತದೆ. ಸಾಧಾರಣ ಮನೆಗೆ ಮಧ್ಯಮ ದರ್ಜೆಯ ಚಿತ್ರವೇ ದೀರ್ಘಕಾಲದಲ್ಲಿ ಲಾಭ ತರಬಹುದು ಎಂಬವರೆಗೆ ಆ ಅಧ್ಯಯನ ಹೋಗುತ್ತದೆ. ಇಂಥ ತಾಣಗಳಲ್ಲಿ ಒಬ್ಬ ಅತಿಥಿಯ ಬೇಸರ ಬರಹವಾಗಿ ಉಳಿದು ಮುಂದೆ ಬರುವವರೆಲ್ಲರ ಕಣ್ಣಿಗೂ ಬೀಳುವುದರಿಂದ, ಮರೆಸಿದ ಕೊರತೆ ಒಂದು ಬುಕಿಂಗ್ ತಂದು ಹತ್ತನ್ನು ಕಳೆಯಬಲ್ಲದು.

ಬಿಸಿಲೆ ಘಾಟಿ, ಮಂಜರಾಬಾದ್ ಕೋಟೆಯಂಥ ಪ್ರವಾಸಿ ತಾಣಗಳ ಚಿತ್ರ ಬೇಕೆನಿಸಿದರೆ ಕೊನೆಯಲ್ಲಿ ಒಂದೆರಡು ಇರಲಿ, ಮನೆಯಿಂದ ಎಷ್ಟು ಕಿಲೋಮೀಟರ್ ಎಂಬ ಸಾಲಿನೊಂದಿಗೆ. ಕಾಫಿ ಹೂವಿನ ಚಿತ್ರವೂ ಅಲ್ಲೇ, ಅದು ಅರಳುವ ತಿಂಗಳ ಹೆಸರಿನೊಂದಿಗೆ ಸೇರಲಿ. ಎಲ್ಲ ಕೂಡಿ ಇಪ್ಪತ್ತನಾಲ್ಕರ ಆಸುಪಾಸು ಬರುತ್ತದೆ. ಎರಡು ಕೋಣೆಯ ಮನೆಗೆ ಅಷ್ಟು ಧಾರಾಳ.

ಕ್ರಮ ಸರಿಯಾಗಿದೆಯೇ ಎಂದು ತಿಳಿಯಲು ಬುಕಿಂಗ್‌ಗೆ ಮೊದಲು ಬರುವ ಪ್ರಶ್ನೆಗಳನ್ನು ಒಂದು ಕಡೆ ಬರೆದಿಡಿ. ‘ಬಚ್ಚಲು ಅಟ್ಯಾಚ್ಡಾ?’ ಎಂದು ಮತ್ತೆಮತ್ತೆ ಕೇಳುತ್ತಿದ್ದರೆ ಆ ಚಿತ್ರ ಪುಟದಲ್ಲಿಲ್ಲ, ಇಲ್ಲವೇ ತೀರಾ ಹಿಂದಿದೆ. ಅದನ್ನು ಮುಂದಕ್ಕೆ ತಂದು, ಪ್ರಶ್ನೆ ಕಡಿಮೆಯಾಯಿತೇ ನೋಡಿ. ಮಣ್ಣಿನ ದಾರಿಯ ಚಿತ್ರ ನೋಡಿ ಕೆಲವರು ಬೇರೆ ಮನೆಗೆ ಹೋಗುತ್ತಾರೆ. ಹೋಗಲಿ. ಆ ಏರಿನ ಬುಡದಲ್ಲಿ ಮಳೆಯಲ್ಲಿ ನಿಂತು ಸಿಟ್ಟಾಗುವುದಕ್ಕಿಂತ, ಮೊದಲೇ ಬೇಡವೆನ್ನುವುದು ಅವರಿಗೂ ಒಳ್ಳೆಯದು, ಮಾಲೀಕರಿಗೂ ಒಳ್ಳೆಯದು.