ಚೆಂಡು ಹಾಕಿದವನೇ ಸೋಲೋದ್ಯಾಕೆ? ಸ್ನೂಕರ್‌ನಲ್ಲಿ ವೈಟ್ ಬಾಲ್‌ನ ಲೆಕ್ಕ

ಗೋಕಾಕ: ಕೇರಂ ಆಡಿ ಬೆಳೆದ ಹುಡುಗರು ಸ್ನೂಕರ್ ಟೇಬಲ್ ಮುಂದೆ ನಿಂತಾಗ ಒಂದು ತಪ್ಪು ಮಾಡ್ತಾರೆ. ಕೇರಂನಲ್ಲಿ ಪ್ರತಿ ಹೊಡೆತಕ್ಕೂ ಸ್ಟ್ರೈಕರ್ ಎತ್ತಿ ನಮ್ಮ ಗೆರೆ ಮೇಲೆ ಬೇಕಾದಲ್ಲಿ ಇಟ್ಕೋಬಹುದು. ಸ್ನೂಕರ್‌ನಲ್ಲಿ ಹಾಗಿಲ್ಲ. ಬಿಳಿ ಚೆಂಡು ಎಲ್ಲಿ ನಿಂತಿತೋ ಅಲ್ಲಿಂದಲೇ ಮುಂದಿನ ಹೊಡೆತ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯಿಂದ ಈ ಆಟ ಕಲಿಯೋಕೆ ಹೋಗುವವರು ಮೊದಲು ತಿಳ್ಕೋಬೇಕಾದ್ದು ಇಷ್ಟೇ: ಬಣ್ಣದ ಚೆಂಡು ಪಾಕೆಟ್‌ಗೆ ಹೋಗೋದು ಅರ್ಧ ಕೆಲಸ, ವೈಟ್ ನಿಲ್ಲೋ ಜಾಗ ಉಳಿದರ್ಧ. ಸೋತವನೇ ಟೇಬಲ್ ಬಾಡಿಗೆ ಕೊಡೋ ರೂಢಿ ಇರೋ ಕಡೆ, ಈ ಉಳಿದರ್ಧ ಗೊತ್ತಿಲ್ಲದವನ ಜೇಬು ದಿನಾ ಖಾಲಿ.

ಬ್ರೇಕ್ ಅಂದ್ರೆ ಏನು?

ದೊಡ್ಡ ಟೇಬಲ್ 12 ಅಡಿ ಉದ್ದ, 6 ಅಡಿ ಅಗಲ. ಮೇಲೆ 15 ರೆಡ್, ಒಂದೊಂದಕ್ಕೆ 1 ಅಂಕ. ಜೊತೆಗೆ ಆರು ಬಣ್ಣ: ಹಳದಿ 2, ಹಸಿರು 3, ಬ್ರೌನ್ 4, ನೀಲಿ 5, ಪಿಂಕ್ 6, ಕಪ್ಪು 7. ಒಂದು ರೆಡ್ ಹಾಕಿದ ಮೇಲೆ ಒಂದು ಬಣ್ಣ ಹಾಕಬೇಕು. ರೆಡ್ ಪಾಕೆಟ್‌ನಲ್ಲೇ ಉಳಿಯುತ್ತೆ, ಬಣ್ಣ ಮತ್ತೆ ತನ್ನ ಜಾಗಕ್ಕೆ ಬರುತ್ತೆ. ಹೀಗೆ ತಪ್ಪದೆ ಒಬ್ಬನೇ ಕೂಡಿಸಿದ ಅಂಕಕ್ಕೆ ಬ್ರೇಕ್ ಅಂತಾರೆ. ಹದಿನೈದೂ ರೆಡ್ ಜೊತೆ ಕಪ್ಪನ್ನೇ ಹಾಕಿ, ಕೊನೆಗೆ ಆರೂ ಬಣ್ಣ ಮುಗಿಸಿದರೆ 147.

ಒಂದೇ ರೆಡ್, ಎರಡು ಹೊಡೆತ

ಒಂದು ಉದಾಹರಣೆ ನೋಡಿ. ಕಪ್ಪು ತನ್ನ ಜಾಗದಲ್ಲಿದೆ. ಅದರ ಬಲಕ್ಕೆ, ಸ್ವಲ್ಪ ಈಚೆಗೆ, ಒಂದು ರೆಡ್. ಮೇಲಿನ ಬಲ ಮೂಲೆಯ ಪಾಕೆಟ್‌ಗೆ ದಾರಿ ಖಾಲಿ. ವೈಟ್ ರೆಡ್‌ನಿಂದ ಎರಡಡಿ ಹಿಂದೆ, ಹೆಚ್ಚುಕಡಿಮೆ ನೇರದಲ್ಲಿ, ಕೂದಲಷ್ಟು ಬಲಕ್ಕೆ ನಿಂತಿದೆ. ಸುಲಭದ ಪಾಟ್.

ಹೊಸಬ ಜೋರಾಗಿ, ವೈಟ್‌ನ ಮೇಲ್ಭಾಗಕ್ಕೆ ಹೊಡೀತಾನೆ. ರೆಡ್ ಬೀಳುತ್ತೆ, ಸುತ್ತ ನಿಂತವರು ‘ಭಾರೀ ಹೊಡದಿ ಬಿಡೋ’ ಅಂತಾರೆ. ಆದರೆ ವೈಟ್ ರೆಡ್‌ನ ಬೆನ್ನು ಹತ್ತಿ ಕುಶನ್‌ಗೆ ಬಡಿದು, ಇಡೀ ಟೇಬಲ್ ದಾಟಿ ಈ ತುದಿಗೆ ಬಂದು ನಿಲ್ಲುತ್ತೆ. ಕಪ್ಪು ಈಗ ಎಂಟೊಂಬತ್ತಡಿ ದೂರ. ಮುಂದಿನ ಹೊಡೆತ ತಪ್ಪುತ್ತೆ. ಬ್ರೇಕ್ ಬರೀ 1.

ಅನುಭವಿ ಅದೇ ರೆಡ್‌ಗೆ ವೈಟ್‌ನ ಮಧ್ಯಕ್ಕಿಂತ ತುಸು ಕೆಳಗೆ ಹೊಡೀತಾನೆ. ವೈಟ್ ಉರುಳದೆ ಜಾರಿಕೊಂಡು ಹೋಗಿ ರೆಡ್‌ಗೆ ತಾಗುತ್ತೆ. ಇದಕ್ಕೆ ಸ್ಟನ್ ಅಂತಾರೆ. ಪೂರ್ತಿ ನೇರವಿದ್ದರೆ ವೈಟ್ ಅಲ್ಲೇ ನಿಲ್ಲುತ್ತೆ. ಕೋನ ಇದ್ದರೆ, ರೆಡ್ ಹೋದ ದಾರಿಗೆ ಲಂಬವಾಗಿ ಸರಿಯುತ್ತೆ. ಇಲ್ಲಿ ಕೋನ ಸಣ್ಣದು, ಹಾಗಾಗಿ ವೈಟ್ ಎಡಕ್ಕೆ ಒಂದಡಿಯಷ್ಟು ಸರಿದು ಕಪ್ಪಿನ ಹತ್ತಿರ ನಿಲ್ಲುತ್ತೆ. ಈಗ ಕಪ್ಪು ಎಡ ಮೂಲೆಗೆ ಸಲೀಸು. 1 ಕೂಡಿಸು 7, ಎಂಟಾಯ್ತು.

ಇಲ್ಲೂ ಒಂದು ಸೂಕ್ಷ್ಮ ಇದೆ. ಕಪ್ಪಿಗೆ ಪೂರ್ತಿ ನೇರವಾಗಿ ನಿಂತರೆ ಹೊಸಬರಿಗೆ ಖುಷಿ, ಆದರೆ ಅಲ್ಲಿಂದ ವೈಟನ್ನು ಮುಂದೆ ಅಥವಾ ಹಿಂದೆ ಮಾತ್ರ ಕಳಿಸಬಹುದು. ಆ ನೇರ ಗೆರೆಗಿಂತ ತುಸು ಪಿಂಕ್ ಕಡೆಗೆ ನಿಂತರೆ, ಕಪ್ಪು ಬಿದ್ದ ಮೇಲೆ ವೈಟ್ ಹಿಂದಿನ ಕುಶನ್‌ಗೆ ತಾಗಿ ರೆಡ್‌ಗಳ ಕಡೆ ತಾನೇ ವಾಪಸ್ ಬರುತ್ತೆ. ಅದಕ್ಕೇ ಬಲ್ಲವರು ನೇರ ಬಯಸಲ್ಲ, ಸ್ವಲ್ಪ ಕೋನ ಬಿಟ್ಕೋತಾರೆ.

ಬೆಂಗಳೂರಿನ ಪಂಕಜ್ ಅಡ್ವಾಣಿ ಇದಕ್ಕೆ ಒಳ್ಳೆ ಉದಾಹರಣೆ. ಮಾಜಿ ರಾಷ್ಟ್ರೀಯ ಚಾಂಪಿಯನ್ ಅರವಿಂದ ಸವೂರ್ ಅವರಲ್ಲಿ ಕಲಿತ ಅವರು 2003ರಲ್ಲಿ, 18ನೇ ವಯಸ್ಸಿಗೆ, ಚೀನಾದಲ್ಲಿ ವಿಶ್ವ ಅಮೆಚೂರ್ ಸ್ನೂಕರ್ ಗೆದ್ದರು. ಸ್ನೂಕರ್ ಜೊತೆಗೆ ಬಿಲಿಯರ್ಡ್ಸ್‌ನಲ್ಲೂ ವಿಶ್ವ ಚಾಂಪಿಯನ್ ಆದವರು. ಬಿಲಿಯರ್ಡ್ಸ್‌ನಲ್ಲಿ ಇರೋದೇ ಮೂರು ಚೆಂಡು, ಅಲ್ಲಿ ಇಡೀ ಆಟವೇ ಚೆಂಡು ಎಲ್ಲಿ ನಿಲ್ಲುತ್ತೆ ಅನ್ನೋದರ ಮೇಲೆ.

ದಾರಿ ಕಟ್ಟಿದಾಗ

ಹಾಕೋಕೆ ಚೆಂಡು ಸಿಗದಿದ್ದರೆ ಬಲ್ಲವ ಸುಮ್ನೆ ಹೊಡೆಯಲ್ಲ. ರೆಡ್‌ನ ಅಂಚಿಗೆ ತೆಳ್ಳಗೆ ತಾಗಿಸಿ, ವೈಟನ್ನು ವಾಪಸ್ ತಂದು ಬ್ರೌನ್ ಹಿಂದೆ ಅಡಗಿಸ್ತಾನೆ. ಎದುರಾಳಿ ರೆಡ್‌ಗೇ ತಾಗಿಸಬೇಕು, ಆದರೆ ನೇರ ದಾರಿಗೆ ಬ್ರೌನ್ ಅಡ್ಡ. ಇದೇ ಸ್ನೂಕರ್ ಆಗೋದು. ಕಬ್ಬಿನ ಟ್ರಾಕ್ಟರ್ ರಸ್ತೆಗೆ ಅಡ್ಡ ನಿಂತಂಗೆ, ಸುತ್ತು ಹಾಕಿಯೇ ಹೋಗಬೇಕು.

ಸುತ್ತು ಅಂದ್ರೆ ಕುಶನ್. ಲೆಕ್ಕ ಕನ್ನಡಿಯದ್ದು. ವೈಟ್ ಪಕ್ಕದ ಕುಶನ್‌ನಿಂದ 60 ಸೆಂ.ಮೀ., ರೆಡ್ ಅದೇ ಕುಶನ್‌ನಿಂದ 30 ಸೆಂ.ಮೀ., ಕುಶನ್ ಗುಂಟ ಎರಡರ ನಡುವೆ 90 ಸೆಂ.ಮೀ. ಅಂದ್ಕೊಳ್ಳಿ. ವೈಟ್ ಎದುರಿಗಿರೋ ಜಾಗದಿಂದ 60 ಸೆಂ.ಮೀ. ಮುಂದೆ ಕುಶನ್‌ಗೆ ತಾಗಿಸಿದರೆ, ಬಂದ ಕೋನದಲ್ಲೇ ಹೊರಟು ರೆಡ್‌ಗೆ ಮುಟ್ಟುತ್ತೆ. ಇದು ಹದವಾದ ವೇಗಕ್ಕೆ ಅಂದಾಜು. ಬಿರುಸಾಗಿ ಹೊಡೆದರೆ ರಬ್ಬರ್ ಒಳಕ್ಕೆ ತಗ್ಗಿ ಚೆಂಡು ಇನ್ನಷ್ಟು ನೆಟ್ಟಗೆ ವಾಪಸ್ ಬರುತ್ತೆ, ರೆಡ್‌ನ ಈಚೆಗೇ ದಾಟಿ ಹೋಗುತ್ತೆ.

ಜಗಳ ಆಗೋ ಜಾಗ

ರೆಡ್‌ಗೆ ತಾಗದಿದ್ದರೆ ಎದುರಾಳಿಗೆ ಕನಿಷ್ಠ 4 ಅಂಕ. ಮೊದಲು ನೀಲಿಗೆ ತಾಗಿದರೆ 5, ಕಪ್ಪಿಗೆ ತಾಗಿದರೆ 7. ಇಷ್ಟು ಎಲ್ಲರಿಗೂ ಗೊತ್ತು. ಜಗಳ ಶುರುವಾಗೋದು ಫೌಲ್ ಆದ ಮೇಲೆ ಸಿಗೋ ಫ್ರೀ ಬಾಲ್‌ನಲ್ಲಿ. ‘ರೆಡ್ ಅರ್ಧ ಕಾಣಾಕತ್ತೈತಿ, ಫ್ರೀ ಬಾಲ್ ಎಲ್ಲಿಂದ ಬಂತು?’ ಅಂತ ಒಬ್ಬ, ‘ಈ ಅಂಚಿಗೆ ಬರಾಂಗಿಲ್ಲ’ ಅಂತ ಇನ್ನೊಬ್ಬ.

ನಿಯಮದ ಪ್ರಕಾರ ಎರಡನೆಯವನೇ ಸರಿ. ಒಂದಾದರೂ ರೆಡ್‌ನ ಎಡ ಅಂಚು, ಬಲ ಅಂಚು ಎರಡಕ್ಕೂ ನೇರವಾಗಿ ತಾಗಿಸಲು ಬಂದರೆ ಮಾತ್ರ ಸ್ನೂಕರ್ ಆಗಿಲ್ಲ ಅಂತ ಅರ್ಥ. ಅರ್ಧ ಮುಚ್ಚಿದ್ದರೂ ಸ್ನೂಕರೇ. ಆಗ ಆಡುವವನು ಬೇರೆ ಯಾವುದಾದರೂ ಚೆಂಡನ್ನು ರೆಡ್ ಅಂತ ಹೆಸರಿಸಿ ಹೊಡೀಬಹುದು, ಬಿದ್ದರೆ 1 ಅಂಕ, ನಂತರ ಬಣ್ಣ. ಆದರೆ ಅಡ್ಡ ಬಂದಿರೋದು ಚೆಂಡೇ ಆಗಿರಬೇಕು. ಪಾಕೆಟ್ ಬಾಯಿಯ ಕುಶನ್ ಮೂಲೆ ಅಡ್ಡ ಬಂದರೆ ಅದು ಸ್ನೂಕರ್ ಅಲ್ಲ, ಫ್ರೀ ಬಾಲೂ ಇಲ್ಲ.

ಸೋಲ್ತಾ ಇರೋನಿಗೆ ಸ್ನೂಕರೇ ಕೊನೆ ದಾರಿ. ರೆಡ್ ಎಲ್ಲ ಮುಗಿದು ಆರು ಬಣ್ಣ ಉಳಿದರೆ ಟೇಬಲ್ ಮೇಲಿರೋದು 27 ಅಂಕ. 30 ಹಿಂದಿದ್ದರೆ ಎಲ್ಲ ಹಾಕಿದರೂ ಮೂರು ಕಡಿಮೆ. ಹಳದಿಯನ್ನು ಮುಚ್ಚಿಟ್ಟು ಒಂದು ಫೌಲ್ ಮಾಡಿಸಿದರೆ 4 ಬರುತ್ತೆ. 27 ಕೂಡಿಸು 4, 31. ಒಂದು ಅಂಕದಿಂದ ಫ್ರೇಮ್ ತಿರುಗುತ್ತೆ, ಬಾಡಿಗೆ ಆಚೆಯವನ ತಲೆಗೆ ಹೋಗುತ್ತೆ.