ಪಕ್ಕಕ್ಕೆ ತಿರುಗಿದ ಮುಖ ಕಂಪ್ಯೂಟರಿಗೇಕೆ ಕಾಣುವುದಿಲ್ಲ?

ಮದುವೆಯ ಗುಂಪು ಫೋಟೋದಲ್ಲಿ ಎಲ್ಲರೂ ಒಂದೇ ಕ್ಷಣಕ್ಕೆ ಕಣ್ಣು ಬಿಟ್ಟಿರುವುದು ಅಪರೂಪ. ಅದಕ್ಕೇ ನಾಲ್ಕೈದು ಶಾಟ್ ತೆಗೆದು, ಒಂದರಿಂದ ಅಜ್ಜಿಯ ಮುಖ, ಇನ್ನೊಂದರಿಂದ ಮೊಮ್ಮಗನ ಮುಖ ಎತ್ತಿ ಒಂದೇ ಚಿತ್ರದಲ್ಲಿ ಕೂಡಿಸುತ್ತಾರೆ. ಈ ಕೆಲಸವನ್ನು ಪ್ರೋಗ್ರಾಮಿಗೆ ಒಪ್ಪಿಸಿದರೆ ಅದು ಮೊದಲು ಮುಖಗಳನ್ನು ಹುಡುಕಬೇಕು. ಎಡವುವುದು ಅಲ್ಲೇ.

ಪಾಲ್ ವಯೋಲಾ ಮತ್ತು ಮೈಕಲ್ ಜೋನ್ಸ್ 2001ರಲ್ಲಿ ಪ್ರಕಟಿಸಿದ ವಿಧಾನವನ್ನೇ ನೋಡೋಣ. ಉಚಿತವಾಗಿ ಸಿಗುವ ಓಪನ್‌ಸಿವಿಯ ಮೂಲಕ ಇದು ಎಲ್ಲೆಡೆ ಹರಡಿತು. 24×24 ಪಿಕ್ಸೆಲ್‌ನ ಪುಟ್ಟ ಚೌಕವೊಂದು ಚಿತ್ರದ ಮೇಲೆಲ್ಲ ಸರಿಯುತ್ತ ಬೆಳಕು ಕತ್ತಲೆಯ ಪಟ್ಟಿಗಳನ್ನು ಹೋಲಿಸುತ್ತದೆ. ಕಣ್ಣಿನ ಪಟ್ಟಿ ಕೆನ್ನೆಗಿಂತ ಕಪ್ಪಾಗಿದೆಯೇ? ಮೂಗಿನ ದಿಂಡು ಎರಡೂ ಕಣ್ಣುಗಳಿಗಿಂತ ಬೆಳ್ಳಗಿದೆಯೇ? ಇಂಥ ಪರೀಕ್ಷೆಗಳ ಯಾವುದೇ ಹಂತದಲ್ಲಿ ಸೋತರೂ ಆ ಜಾಗವನ್ನು ಅಲ್ಲಿಗೇ ಕೈಬಿಡುತ್ತದೆ.

ಪಕ್ಕಕ್ಕೆ ತಿರುಗಿದ ಮುಖದಲ್ಲಿ ಒಂದೇ ಕಣ್ಣು; ಮೂಗಿನ ಆಚೆಗಿರುವುದು ಗೋಡೆ. ಮಾಸ್ಕ್ ಹಾಕಿದರೆ ಮೂಗು, ತುಟಿ, ಗಲ್ಲ ಇರಬೇಕಾದಲ್ಲಿ ಬರೀ ಬಟ್ಟೆ. ನೆರಳಿನ ವಿಷಯ ಸ್ವಲ್ಪ ಸೂಕ್ಷ್ಮ. ಮುಖವೆಲ್ಲ ಒಂದೇ ಸಮ ಮಬ್ಬಾಗಿದ್ದರೆ ಅಷ್ಟು ತೊಂದರೆಯಿಲ್ಲ, ಏಕೆಂದರೆ ಪ್ರತಿ ಚೌಕದ ಬೆಳಕಿನ ಏರಿಳಿತವನ್ನು ಪ್ರೋಗ್ರಾಮೇ ಸರಿದೂಗಿಸಿಕೊಳ್ಳುತ್ತದೆ. ಚಪ್ಪರದ ನೆರಳು ಅರ್ಧ ಮುಖಕ್ಕೆ ಓರೆಯಾಗಿ ಬಿದ್ದಾಗಲೇ ಕಷ್ಟ. ಒಂದು ಕಣ್ಣು ಕತ್ತಲಲ್ಲಿ ಕರಗುತ್ತದೆ, ನೆರಳಿನ ಅಂಚು ಇಲ್ಲದ ಗೆರೆಯೊಂದನ್ನು ಎಳೆಯುತ್ತದೆ.

ಪರೀಕ್ಷೆಯನ್ನು ಸಡಿಲಿಸಲು ಹೋದರೆ ಸೀರೆಯ ನೆರಿಗೆ, ಹೂವಿನ ಅಲಂಕಾರವೂ ಮುಖವೆಂದು ಸಿಕ್ಕಿಬೀಳುತ್ತವೆ. ಅದಕ್ಕಿಂತ ನೆರಳನ್ನು ತಿಳಿಗೊಳಿಸಿದ ಪ್ರತಿಯೊಂದನ್ನು ಮಾಡಿಕೊಂಡು ಅದರಲ್ಲಿ ಹುಡುಕುವುದು ಮೇಲು:

```
g = cv2.cvtColor(img, cv2.COLOR_BGR2GRAY)
c = cv2.createCLAHE(clipLimit=2.0, tileGridSize=(8, 8))
g2 = c.apply(g)
```

ಈ ಪ್ರತಿ ಹುಡುಕಾಟಕ್ಕೆ ಮಾತ್ರ. ಮುಖವನ್ನು ಕತ್ತರಿಸಬೇಕಾದದ್ದು ಮೂಲ ಚಿತ್ರದಿಂದಲೇ.

ಪಕ್ಕದ ಮುಖಗಳಿಗೆ `haarcascade_profileface.xml` ಎಂಬ ಬೇರೆ ಕಡತವಿದೆ, ಆದರೆ ಅದು ಒಂದೇ ಕಡೆಗೆ ತಿರುಗಿದವರನ್ನು ಗುರುತಿಸುತ್ತದೆ. ಹಾಗಾಗಿ ಚಿತ್ರವನ್ನು ಕನ್ನಡಿಯಂತೆ ಮಗುಚಿ ಇನ್ನೊಮ್ಮೆ ಓಡಿಸಬೇಕು. ಚಿತ್ರದ ಅಗಲ 4000 ಪಿಕ್ಸೆಲ್ ಇದ್ದು, ಮಗುಚಿದ ಪ್ರತಿಯಲ್ಲಿ 300 ಅಗಲದ ಮುಖ 900ರಲ್ಲಿ ಶುರುವಾದರೆ, ಮೂಲದಲ್ಲಿ ಅದು 4000 − 900 − 300, ಅಂದರೆ 2800ರಲ್ಲಿರುತ್ತದೆ. ಈ ಲೆಕ್ಕ ಮರೆತರೆ ಅಜ್ಜಿಯ ಮುಖದ ಬದಲು ಪಕ್ಕದವರ ಭುಜ ಕತ್ತರಿಸಿ ಬರುತ್ತದೆ.

ಯೂನೆಟ್‌ನಂಥ ಹೊಸ ನರಜಾಲ ವಿಧಾನಗಳು ಮಾಸ್ಕ್ ಹಾಕಿದವರನ್ನೂ ಬಹುಮಟ್ಟಿಗೆ ಹಿಡಿಯುತ್ತವೆ. ಆದರೆ ಬಟ್ಟೆಯ ಮೇಲೆ ಅವು ಗುರುತಿಸುವ ತುಟಿಯಂಚು ಬರೀ ಊಹೆ. ಅದನ್ನು ನಂಬಿ ಮುಖ ಹೊಂದಿಸಿದರೆ ತಲೆ ವಾಲಿದಂತೆ ಕಾಣಬಹುದು. ಎರಡು ಕಣ್ಣುಗಳನ್ನಷ್ಟೇ ಆಧಾರವಾಗಿಟ್ಟುಕೊಳ್ಳಿ. ಅವೂ ಸಿಗದಿದ್ದರೆ ಮೌಸಿನಲ್ಲಿ ನೀವೇ ಗುರುತು ಹಾಕಿ. ಓರೆಯೂ ಅಳತೆಯೂ ಆ ಎರಡು ಚುಕ್ಕಿಗಳಿಂದಲೇ ಸಿಗುತ್ತವೆ.

ಕೂಡಿಸುವ ಮೊದಲು ಸಿಕ್ಕ ಚೌಕಗಳನ್ನೆಲ್ಲ ಚಿತ್ರದ ಮೇಲೆ ಬರೆದು, ತಲೆ ಎಣಿಸಿ. ಪಕ್ಕಕ್ಕೆ ತಿರುಗಿದ ಮುಖ ಸಿಕ್ಕಿದರೂ ಅದನ್ನು ನೇರ ನೋಡುವ ದೇಹಕ್ಕೆ ಕೂಡಿಸಲಾಗದು, ಏಕೆಂದರೆ ಮರೆಯಾದ ಕೆನ್ನೆಯ ಪಿಕ್ಸೆಲ್‌ಗಳೇ ಆ ಶಾಟ್‌ನಲ್ಲಿಲ್ಲ. ಅಂಥಲ್ಲಿ ಕತ್ತಿನ ತಿರುವು ಹೊಂದುವ ಬೇರೆ ಶಾಟ್ ಹುಡುಕಬೇಕು.