ಚೌಕಡಿ ಮುರಿಯುವ ಜಾಗ

ಹುಬ್ಬಳ್ಳಿಯ ದುರ್ಗದಬೈಲಿನಿಂದ ಒಳಗೆ ಹೊರಳುವ ಗಲ್ಲಿಯೊಂದರಲ್ಲಿ, ಮೊದಲ ಮಹಡಿಯ ಸ್ಟುಡಿಯೊದ ಹಿಂದಿನ ಕೋಣೆಯಲ್ಲಿ, ಕಂಪ್ಯೂಟರಿನ ಪರದೆಗೆ ದರ್ಜಿಯ ಅಳತೆ ಟೇಪೊಂದು ಜೋತುಬಿದ್ದಿರುತ್ತದೆ. ಮೊದಲ ಸಲ ನಾನು ಅಲ್ಲಿಗೆ ಹೋದದ್ದು ಪಾಸ್‌ಪೋರ್ಟ್ ಫೋಟೊಕ್ಕೆ. ಎರಡನೇ ಸಲ ಹೋದದ್ದು ಆ ಟೇಪಿಗೆ ಅಲ್ಲೇನು ಕೆಲಸ ಎಂದು ಕೇಳಲಿಕ್ಕೆ.

ಅದರ ಒಡತಿಗೆ ಅರವತ್ತರ ಆಚೀಚೆ. ಸ್ಟುಡಿಯೊದ ಹುಡುಗರಿಗೆಲ್ಲ ಅವರು ‘ಅಕ್ಕಾರು’. ಹೆಸರು ಬರೆಯಬೇಡಿ ಎಂದರು. ನಾಚಿಕೆಯಿಂದಲ್ಲ. “ನನ್ನ ಹೆಸರ ಬರದ್ರ, ಫೋಟೊ ತಿದ್ದಿಸ್ಕೊಂಡ ಹೋದ ಮಂದಿ ಗಾಬರಿ ಆಗ್ತಾರ್ರೀ.” ಜನ ತಿದ್ದಿಸಿಕೊಳ್ಳುವುದು ಇಷ್ಟೆ: ಇಳಿದ ಕೊರಳನ್ನು ಏರಿಸಬೇಕು, ಇಲ್ಲದ ತೋಳನ್ನು ಹಚ್ಚಬೇಕು. ಕಾಲೇಜು ದಿನಗಳ ಫೋಟೊ ಅತ್ತೆಮನೆಯ ಗೋಡೆಗೆ ಬರುವಾಗ, ತೀರಿಕೊಂಡ ಅವ್ವನ ಫೋಟೊಕ್ಕೆ ಹಾರ ಹಾಕುವಾಗ, ಇಂಥ ಗಿರಾಕಿಗಳು ಬರುತ್ತಾರೆ.

ಅಕ್ಕಾರು ಮೊದಲು ಹೊಲಿಗೆಯವರು. ಹದಿನೆಂಟು ವರ್ಷ ಮಷೀನು ತುಳಿದು ಮೊಣಕಾಲು ಹೋದ ಮೇಲೆ, ಸೋದರಳಿಯ ತನ್ನ ಸ್ಟುಡಿಯೊಕ್ಕೆ ಕರೆದು ಮೌಸು ಕೈಗೆ ಕೊಟ್ಟ. ಉಳಿದವರು ತಿದ್ದಿದ ತೋಳಿಗೂ ಇವರು ತಿದ್ದಿದ ತೋಳಿಗೂ ಇರುವ ವ್ಯತ್ಯಾಸವೆಲ್ಲ ಆ ಹದಿನೆಂಟು ವರ್ಷಗಳದು.

ನಾನು ಹೋದ ದಿನ ಅವರ ಮುಂದೆ ಎಪ್ಪತ್ತರ ದಶಕದ ಕೊನೆಯ ಒಂದು ಕಲರ್ ಫೋಟೊ ಇತ್ತು. ಕೆಆರ್‌ಎಸ್‌ನ ಬೃಂದಾವನದಲ್ಲಿ ಕಾರಂಜಿಯ ಮುಂದೆ ನಿಂತ ತರುಣಿ, ಸೊಂಟದಿಂದ ಮೇಲಕ್ಕೆ. ತೋಳಿಲ್ಲದ, ಅಗಲ ಕೊರಳಿನ, ಕಂದು-ಬಿಳಿ ಚೌಕಡಿಯ ಮ್ಯಾಕ್ಸಿ. ಬಲಗೈಯನ್ನು ಕಬ್ಬಿಣದ ಕಟಾಂಜನದ ಮೇಲೆ ಇಟ್ಟಿದ್ದಾಳೆ. ಈಗ ಆಕೆ ಇಲ್ಲ. ಕಾರಣ ಹೇಳದೆ ಮಕ್ಕಳು ಕೇಳಿದ್ದು ಎರಡೇ: ಕೊರಳು ಮೂರು ಇಂಚು ಏರಲಿ, ತೋಳು ಬರಲಿ.

“ಬಣ್ಣದ ಅರಿವಿ ಆಗಿದ್ರ ಅರ್ಧ ತಾಸಿನ ಕೆಲಸ. ಚೌಕಡಿ ಅಂದ್ರ ಎರಡ ದಿನ,” ಎಂದರು. ಹೂವಿನ ಅಚ್ಚಿನಲ್ಲಿ ಒಂದು ಎಸಳು ತಪ್ಪಿದರೆ ಯಾರಿಗೂ ಗೊತ್ತಾಗುವುದಿಲ್ಲ. ಚೌಕಡಿಯಲ್ಲಿ ಒಂದು ಗೆರೆ ಕೂದಲೆಳೆಯಷ್ಟು ಜರುಗಿದರೂ ಕಣ್ಣು ನೇರ ಅಲ್ಲಿಗೇ ಹೋಗಿ ನಿಲ್ಲುತ್ತದೆ.

ಟೇಪು ಬರುವುದು ಇಲ್ಲಿ. 3.5ಕ್ಕೆ 5 ಇಂಚಿನ ಪ್ರಿಂಟನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ 2100ಕ್ಕೆ 3000 ಪಿಕ್ಸೆಲ್ ಬರುತ್ತದೆ. ಅದರಲ್ಲಿ ತರುಣಿಯ ಒಂದು ಭುಜದ ತುದಿಯಿಂದ ಇನ್ನೊಂದರವರೆಗೆ 1260 ಪಿಕ್ಸೆಲ್. ಆ ಮೈಕಟ್ಟಿಗೆ ಭುಜ 14 ಇಂಚು ಎಂದು ಅಕ್ಕಾರ ಅಂದಾಜು. ತಮ್ಮ ಪಕ್ಕದಲ್ಲಿ ಕೂತ ಹುಡುಗಿಯ ಭುಜಕ್ಕೆ ಟೇಪು ಹಿಡಿದು ಖಾತ್ರಿ ಮಾಡಿಕೊಂಡರು. ಅಂದರೆ ಇಂಚಿಗೆ 90 ಪಿಕ್ಸೆಲ್. ಒಂದು ಚೌಕ 45 ಪಿಕ್ಸೆಲ್, ಅರ್ಧ ಇಂಚು. ಕೊರಳು ಮೂರು ಇಂಚು ಏರಬೇಕೆಂದರೆ ಆರು ಚೌಕ ಮೇಲೆ ಹೋಗಬೇಕು. ಐದೂವರೆ ಆದರೆ ನಡೆಯುವುದಿಲ್ಲವೇ ಎಂದೆ. “ನಡೀತದ್ರಿ. ಆದ್ರ ಅರ್ಧ ಚೌಕ ಕೊರಳಪಟ್ಟಿ ಕೆಳಗ ಹೋಗಬೇಕು, ನಡುವ ಎಲ್ಲೂ ಕಳೀಬಾರ್ದು.”

ಆಮೇಲೆ ಅವರು ಹೇಳಿದ ಮಾತಿಗಾಗಿಯೇ ನಾನು ಈ ಲೇಖನ ಬರೆಯುತ್ತಿರುವುದು. ಕೊರಳು ಏರಿಸುವುದು, ತೋಳು ಹಚ್ಚುವುದು ಹೊರಗಿನವರಿಗೆ ಒಂದೇ ಕೆಲಸದಂತೆ ಕಾಣುತ್ತದೆ. ಹೊಲಿಗೆಯವರಿಗೆ ಎರಡೂ ಬೇರೆ. ಕೊರಳು ಮೈಯದೇ ಅರಿವೆ, ಎದೆಯ ತುಂಡೇ ಮೇಲಕ್ಕೆ ಹೋದದ್ದು. ಅಲ್ಲಿ ಚೌಕಡಿ ಮುರಿಯಕೂಡದು. ತೋಳು ಬೇರೆಯಾಗಿ ಕತ್ತರಿಸಿ ಜೋಡಿಸಿದ ತುಂಡು. ಅಲ್ಲಿ ಚೌಕಡಿ ಮುರಿಯಲೇಬೇಕು. ಕಂಪ್ಯೂಟರ್ ಕಲಿತ ಹುಡುಗರು ಎದೆಯ ಚೌಕಡಿಯನ್ನೇ ಭುಜ ದಾಟಿಸಿ ತೋಳಿನ ಮೇಲೂ ಹರಿಸಿಬಿಡುತ್ತಾರೆ. ಗೆರೆ ಎಲ್ಲೂ ತಪ್ಪಿರುವುದಿಲ್ಲ, ಆದರೂ ಫೋಟೊ ಸುಳ್ಳು ಎನಿಸುತ್ತದೆ. ಅಂಥ ಅಂಗಿಯನ್ನು ಯಾವ ದರ್ಜಿಯೂ ಹೊಲಿದಿರಲಾರ.

ಕೊರಳಿನ ಕೆಲಸ ಶುರುವಾದದ್ದು ಬಂಗಾರದ ಸರದಿಂದ. ಸರ ಈಗ ಚರ್ಮದ ಮೇಲಿದೆ. ಕೊರಳು ಏರಿದರೆ ಅದರ ಕೆಳಭಾಗ ಅರಿವೆಯ ಮೇಲೆ ಬರಬೇಕು. ಆದ್ದರಿಂದ ಮೊದಲು ಸರವನ್ನು ಕೊಂಡಿಕೊಂಡಿಯಾಗಿ ಬಿಡಿಸಿ ಬೇರೆ ಲೇಯರಿನಲ್ಲಿ ಎತ್ತಿಟ್ಟರು. ಅದಕ್ಕೇ ಒಂದೂವರೆ ತಾಸು. ಆಮೇಲೆ ಹೊಟ್ಟೆಯ ಭಾಗದಿಂದ, ನೆರಿಗೆ ಇಲ್ಲದ ಕಡೆಯಿಂದ, ಅಗಲವಾದ ಒಂದು ತುಂಡನ್ನು ಕಾಪಿ ಮಾಡಿ ಎದೆಯ ಮೇಲೆ ತಂದಿಟ್ಟು, ಅದರ ಅಡ್ಡಗೆರೆ ಉದ್ದಗೆರೆಗಳನ್ನು ಕೆಳಗಿನ ಗೆರೆಗಳಿಗೆ ಕೂಡಿಸಿದರು. ನಡುವೆ ಸುಲಭವಾಗಿ ಕೂಡಿದವು, ಬದಿಗಳಲ್ಲಿ ಕೂಡಲಿಲ್ಲ. ಮೈ ಹಿಂದಕ್ಕೆ ಹೊರಳುವ ಕಡೆ ಚೌಕಗಳು ಕಿರಿದಾಗುತ್ತ ಹೋಗುತ್ತವೆ: ನಡುವೆ 45 ಇದ್ದದ್ದು ಬಗಲ ಹತ್ತಿರ 30ಕ್ಕೆ ಇಳಿದಿತ್ತು. ನಡುವಿನ ಅರಿವೆಯನ್ನು ಹಾಗೇ ಬದಿಗೆ ಹಚ್ಚಿದರೆ ಎದೆ ರಟ್ಟಿನಂತೆ ಚಪ್ಪಟೆಯಾಗುತ್ತದೆ. ಹಾಗಾಗಿ Warp ಹಾಕಿ, ತುಂಡಿನ ಅಂಚನ್ನು ಒಳಕ್ಕೆ ಒತ್ತಿ, ಒಂದೊಂದೇ ಗೆರೆಯನ್ನು ಅದರ ಜೊತೆಗಾರ ಗೆರೆಗೆ ತಂದು ನಿಲ್ಲಿಸಿದರು.

ಕೂಡಿಸಿದ ಅಂಚನ್ನು ಮುಚ್ಚಲು Clone Stamp. ಅದರಲ್ಲಿ ಅವರದೊಂದು ಪಟ್ಟು ಇದೆ. Alt ಒತ್ತಿ ಮಾದರಿ ತೆಗೆದುಕೊಳ್ಳುವುದು ಎರಡು ಗೆರೆ ಕೂಡುವ ಮೂಲೆಯಲ್ಲಿ, ಮೊದಲ ಗುರುತು ಊರುವುದೂ ಅಂಥದೇ ಮೂಲೆಯಲ್ಲಿ. Aligned ಆನ್ ಇದ್ದರೆ ಮುಂದೆ ಎಲ್ಲಿ ಬಳಿದರೂ ಗೆರೆಯ ಮೇಲೆ ಗೆರೆಯೇ ಬರುತ್ತದೆ. “ಗಾಜು ತಿಕ್ಕಿದಂಗ ಬಳೀಬಾರ್ದ್ರಿ, ಹೊಲಿಗಿ ಹಾಕಿದಂಗ ಹೋಗಬೇಕು.” ಒಂದೇ ಜಾಗದಿಂದ ಬಹಳ ಹೊತ್ತು ಎತ್ತುವುದೂ ಕೂಡದು. ಮೂಲದಲ್ಲಿ ಒಂದು ಕಲೆ ಇದ್ದರೆ ಹೊಸ ಎದೆಯಲ್ಲಿ ಅದು ಅವಳಿಜವಳಿಯಾಗಿ ಕೂತುಬಿಡುತ್ತದೆ. ತಿದ್ದಿದ ಫೋಟೊ ಹಿಡಿಯಬೇಕೆಂದರೆ ಇಂಥ ಜೋಡಿ ಕಲೆಗಳನ್ನೇ ಹುಡುಕಬೇಕಂತೆ. ಮನೆಗೆ ಬಂದು ಹುಡುಕಿದೆ. ನಮ್ಮ ಬಂಧುಗಳ ಮದುವೆ ಆಲ್ಬಮ್ಮಿನಲ್ಲಿ ಎರಡು ಸಿಕ್ಕವು, ಬಾಯಿ ಬಿಡಲಿಲ್ಲ.

ಹೊಟ್ಟೆಯ ಅರಿವೆ ಹೊಟ್ಟೆಯ ನೆರಳನ್ನೂ ಹೊತ್ತು ತಂದಿರುತ್ತದೆ. ಅದನ್ನು ಮೊದಲು ತಿಳಿಗೊಳಿಸಿ, ಆಮೇಲೆ Multiply ಲೇಯರಿನಲ್ಲಿ ಮೆತ್ತನೆಯ ಬ್ರಷ್‌ನಿಂದ ಗದ್ದದ ಕೆಳಗಿನ ನೆರಳನ್ನು ತೆಳುವಾಗಿ ಬಳಿದರು. ಹೊಸ ಕೊರಳಂಚಿಗೆ ಕಿರಿದಾದ ಪಟ್ಟಿ ಬಂತು, ಪಟ್ಟಿಯಿಂದ ಚರ್ಮದ ಮೇಲೆ ಎಳೆಯಷ್ಟು ನೆರಳು ಬಿತ್ತು. ಕೊನೆಗೆ ಸರ ತಿರುಗಿ ಜಾಗಕ್ಕೆ ಬಂತು.

ತೋಳು ಮರುದಿನ. ಇದಕ್ಕೆ ಅರಿವೆ ಎಲ್ಲಿಂದ ತರುವುದು? ಸೊಂಟದ ಹತ್ತಿರದ ಅಗಲ ಭಾಗದಿಂದಲೇ. ಆದರೆ ಕೂರಿಸುವ ಮುನ್ನ ತಿರುಗಿಸಬೇಕು. ತೋಳಿನ ತುಂಡನ್ನು ಕತ್ತರಿಸುವಾಗ ಹಾಸಿನ ಎಳೆ ಭುಜದಿಂದ ಮೊಣಕೈ ಕಡೆ ಇಳಿಯುವಂತೆ ಇಡುತ್ತಾರೆ. ಕೈ ಎತ್ತಿದರೆ ಎಳೆಯೂ ಅದರ ಜೊತೆ ವಾಲುತ್ತದೆ. ಕಟಾಂಜನಕ್ಕೆ ಚಾಚಿದ ಬಲಗೈ 30 ಡಿಗ್ರಿಯಷ್ಟು ವಾಲಿತ್ತು. ಅಕ್ಕಾರು ತುಂಡನ್ನೂ ಅಷ್ಟೇ ವಾಲಿಸಿದರು. ಎಡಗೈ ಇಳಿಬಿದ್ದಿತ್ತು, ಅಲ್ಲಿ ಚೌಕಡಿ ನೆಟ್ಟಗೆ. ಎರಡು ತೋಳು, ಎರಡು ದಿಕ್ಕು. ಎದೆಗೆ ಅದರದೇ ಮೂರನೇ ದಿಕ್ಕು.

ಹಾಗಾದರೆ ಜೋಡಣೆಯಲ್ಲಿ ಗೆರೆಗಳು ಎಲ್ಲೆಂದರಲ್ಲಿ ಮುರಿಯಬಹುದೇ? ಇಲ್ಲ. ಒಳ್ಳೆಯ ದರ್ಜಿ ಬಗಲ ಸುತ್ತಿನಲ್ಲಿ ಮುಂಭಾಗದ ಒಂದು ಕಚ್ಚು ಗುರುತಿನ ಹತ್ತಿರ ಎದೆಯ ಅಡ್ಡಗೆರೆಯನ್ನೂ ತೋಳಿನ ಅಡ್ಡಗೆರೆಯನ್ನೂ ಕೂಡಿಸುತ್ತಾನೆ. ಅಲ್ಲಿಂದ ಮೇಲೆ ಕೂಡಿಸಲು ಯಾರಿಂದಲೂ ಆಗದು. ತೋಳಿನ ತಲೆ ಬಗಲಿಗಿಂತ ತುಸು ದೊಡ್ಡದಿರುತ್ತದೆ, ಹೆಚ್ಚಾದದ್ದನ್ನು ಭುಜದ ಬಳಿ ಒಳಗೆ ಸೇರಿಸಿ ಹೊಲಿಯಬೇಕು. ಅಕ್ಕಾರು ಪರದೆಯ ಮೇಲೂ ಅದನ್ನೇ ಮಾಡಿದರು. ಎದೆಯ ಮಟ್ಟದಲ್ಲಿ ಎರಡು ಗೆರೆ ಕೂಡಿದವು; ಮೇಲೆ ಹೋದಂತೆ ಒಂದೊಂದೇ ತಪ್ಪಿ, ಭುಜದ ತುದಿಗೆ ಬರುವಷ್ಟರಲ್ಲಿ ಅರ್ಧ ಚೌಕ ಜರುಗಿತ್ತು. ಆ ತಪ್ಪನ್ನು ಅವರು ಅಳೆದು ಇಟ್ಟದ್ದು ನೋಡಿ ನನಗೆ ನಗು ಬಂತು. ದೂರ ನಿಂತು ನೋಡಿದೆ. ಅದು ತೋಳೇ ಆಗಿತ್ತು.

ಉದ್ದ ಆರು ಇಂಚು, 540 ಪಿಕ್ಸೆಲ್. ಅಗಲ ಕೈಗಿಂತ ಎರಡೂ ಬದಿಗೆ ಅರ್ಧರ್ಧ ಇಂಚು ಜಾಸ್ತಿ, ಏಕೆಂದರೆ ಅರಿವೆ ಚರ್ಮಕ್ಕೆ ಅಂಟುವುದಿಲ್ಲ. ಹೊಸಬರು ಕೈಯ ಅಂಚಿನವರೆಗೆ ಮಾತ್ರ ಬಣ್ಣ ತುಂಬುತ್ತಾರೆ, ತೋಳು ಹಚ್ಚೆ ಹೊಯ್ಸಿಕೊಂಡಂತೆ ಕಾಣುತ್ತದೆ. ಕೈ ದುಂಡಗಿರುವುದರಿಂದ ಉದ್ದಗೆರೆಗಳು ಅಂಚಿಗೆ ಹೋದಂತೆ ಒತ್ತೊತ್ತಾಗಬೇಕು, ಅಡ್ಡಗೆರೆಗಳು ಬಳೆಯ ಹಾಗೆ ಬಾಗಬೇಕು. ಯಾವ ಕಡೆ ಬಾಗಬೇಕು? ಅದೇ ಕೈಯ ಬಳೆಗಳನ್ನು ನೋಡಿದರು. ಅವು ಕೆಳಕ್ಕೆ ಬಾಗಿದ್ದವು, ತೋಳಿನ ಅಂಚೂ ಕೆಳಕ್ಕೆ ಬಾಗಿತು.

ಈ ಕೆಲಸದ ಚರಿತ್ರೆ ನನಗೆ ಸಿಕ್ಕಿದ್ದು ಹೊರಗಿನ ಬೆಂಚಿನ ಮೇಲೆ ಕೂತ ಹಳೆಯ ಫೋಟೊಗ್ರಾಫರ್ ಅಜ್ಜನಿಂದ, ಒಂದು ಚಹಾ ಮುಗಿಯುವಷ್ಟರಲ್ಲಿ. ಅವರ ಕಾಲದಲ್ಲಿ ನೆಗೆಟಿವ್ ಮೇಲೆ ಸೀಸದ ಪೆನ್ಸಿಲಿನಿಂದ ಮುಖ ತಿದ್ದುತ್ತಿದ್ದರು, ಪ್ರಿಂಟಿನ ಮೇಲೆ ಕುಂಚದಿಂದ ಬಣ್ಣ ಹಚ್ಚುತ್ತಿದ್ದರು. ಕಪ್ಪುಬಿಳುಪು ಫೋಟೊಕ್ಕೆ ತೋಳು ಬರೆಯುವುದು ಅವರಿಗೆ ಕಷ್ಟವೇನಲ್ಲ, ಚೌಕಡಿ ಬಂದರೆ ಮಾತ್ರ ಗಿರಾಕಿಯನ್ನು ವಾಪಸ್ ಕಳಿಸುತ್ತಿದ್ದರು. 1990ರಲ್ಲಿ ಫೋಟೊಶಾಪ್ ಬಂತು. 1994ರಲ್ಲಿ ಅದಕ್ಕೆ ಲೇಯರ್ ಸೇರಿತು. ಆ ಲೇಯರಿನಿಂದಲೇ ಚೌಕಡಿ ಸಾಧ್ಯವಾದದ್ದು, ಬರೆದದ್ದನ್ನು ಎತ್ತಿ ಮತ್ತೆ ಇಡಬಹುದಲ್ಲ.

ದುಡ್ಡಿನ ವಿಷಯ ಹೆಚ್ಚು ಹೇಳುವುದಿಲ್ಲ. ಎರಡು ದಿನದ ಈ ಕೆಲಸಕ್ಕೆ ಕೊಟ್ಟದ್ದು ಫ್ರೇಮಿನ ಗಾಜಿಗೆ ಕೊಟ್ಟದ್ದಕ್ಕಿಂತ ಕಡಿಮೆ. ಫೋನಿನಲ್ಲೇ ಆಗುತ್ತದಲ್ಲ ಎನ್ನುವವರು ಈಗ ಜಾಸ್ತಿ. ತಿಂಗಳಿಗೆ ಇಂಥ ನಾಲ್ಕೈದು ಬಂದರೆ ಹೆಚ್ಚು, ಉಳಿದದ್ದೆಲ್ಲ ಆಧಾರ್ ಕಾರ್ಡಿನ ಲ್ಯಾಮಿನೇಷನ್. ಪಕ್ಕದ ಹುಡುಗಿ ಕಲಿಯುತ್ತಾಳೆಯೇ ಎಂದು ಕೇಳಿದೆ. “ಆಕಿ ಛಲೋ ಕಲ್ತಾಳ್ರಿ. ಆದ್ರ ಒಂದ ಜಂಪರ್ ಸೈತ ಹೊಲದಿಲ್ಲ,” ಎಂದರು.

ಹೊರಡುವ ಮುಂಚೆ ಒಮ್ಮೆ ಮೊದಲಿನ ಫೋಟೊ ತೋರಿಸಿ ಎಂದೆ. ಅಕ್ಕಾರು ಮೂಲವನ್ನು ಅಳಿಸುವವರಲ್ಲ. ಎಲ್ಲ ಲೇಯರುಗಳ ಕೆಳಗೆ ಅದು ಹಾಗೇ ಇರುತ್ತದೆ, ಗಿರಾಕಿಗೆ ಹೇಳದಿದ್ದರೂ. ತೋಳಿನ ಲೇಯರಿನ ಪಕ್ಕದಲ್ಲಿದ್ದ ಕಣ್ಣಿನ ಗುರುತನ್ನು ಒತ್ತಿದರು. ಚೌಕಡಿ ಮಾಯವಾಗಿ ಬೃಂದಾವನದ ಬಿಸಿಲಿಗೆ ಬರಿಯ ತೋಳು ಬಂತು. ಭುಜದಿಂದ ನಾಲ್ಕು ಬೆರಳು ಕೆಳಗೆ, ಎಂಟಾಣೆಯಷ್ಟು ಅಗಲದ, ಸುಕ್ಕುಗಟ್ಟಿದ ಎರಡು ಗುರುತು.

“ದೇವಿ ಹಾಕಿಸಿದ ಕಲಿ,” ಎಂದು ತಮ್ಮ ಸೆರಗು ಸರಿಸಿ ತೋಳು ತೋರಿಸಿದರು. ಅಲ್ಲೂ ಅಂಥವೇ ಎರಡು ಇದ್ದವು. ಸ್ವಲ್ಪ ಹೊತ್ತು ಪರದೆ ಹಾಗೇ ಇತ್ತು. ಆಮೇಲೆ ಕೆಳಗಿನಿಂದ ಫ್ರೇಮಿನವನು ಕೂಗಿದ. ಅಕ್ಕಾರು ಕಣ್ಣಿನ ಗುರುತನ್ನು ಮತ್ತೆ ಒತ್ತಿ, ಪ್ರಿಂಟಿಗೆ ಕೊಟ್ಟರು.